ಕೂದಲು ನಂಜುಂಡನಿಗೆ, ಕಣ್ಣೀರು ಮಾವನ ಷರ್ಟಿಗೆ

ಮಗುವಿನ ಮೊದಲ ಮುಡಿಯ ಫೋಟೊ ಮನೆಯವರ ವಾಟ್ಸಾಪ್ ಗುಂಪಿಗೆ ಬಂದಾಗ ಅದರ ಕೆಳಗೆ ಸಾಮಾನ್ಯವಾಗಿ ಇರುವ ಸಾಲು ಒಂದೇ: ‘ನಮ್ಮ ಪುಟ್ಟನ ಮುಡಿ ಸೇವೆ, ಎಲ್ಲರ ಆಶೀರ್ವಾದ ಇರಲಿ.’ ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಯಾವ ಮನೆಯ ಯಾವ ಮಗುವಿಗಾದರೂ ಸರಿಹೋಗುತ್ತದೆ. ಬಾಯಿ ಅಷ್ಟಗಲ ತೆರೆದು, ಮೂಗು ಸುರಿಸಿಕೊಂಡು, ಅರ್ಧ ತಲೆ ನುಣ್ಣಗೆ, ಇನ್ನರ್ಧ ಗುಂಗುರು ಕೂದಲಿನಲ್ಲಿ ಕೂತಿರುವ ಈ ಮಗುವಿನ ಬಗ್ಗೆ ಅದು ಏನೂ ಹೇಳುವುದಿಲ್ಲ. ಒಳ್ಳೆಯ ಸಾಲು ಬೇಕಿದ್ದರೆ ಆ ಕಾಲು ಗಂಟೆಯಲ್ಲಿ ಏನೇನು ನಡೆಯಿತು ಎಂದು ನೋಡಬೇಕು. ಅಳು ಯಾವಾಗ ಶುರುವಾಯಿತು, ಯಾವಾಗ ನಿಂತಿತು ಎಂಬಲ್ಲೇ ಸಾಲು ಸಿಗುತ್ತದೆ.

ಹಳೆಯ ಮೈಸೂರಿನ ಕಡೆ ಮಗುವಿಗೆ ಒಂದು ತುಂಬುವ ಹೊತ್ತಿಗೋ ಮೂರನೆಯ ವರ್ಷದಲ್ಲೋ ಮನೆದೇವರಿಗೆ ಮುಡಿ ಕೊಡುತ್ತಾರೆ. ಉತ್ತರ ಕರ್ನಾಟಕದವರು ಇದನ್ನೇ ಜಾವಳ ಎನ್ನುತ್ತಾರೆ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಹಕ್ಕು ಸೋದರಮಾವನದು. ನನ್ನ ತಂಗಿಯ ಮಗನಿಗೆ ನಂಜನಗೂಡಿನಲ್ಲಿ ಮುಡಿ ಕೊಟ್ಟಾಗ ಆ ಹಕ್ಕು ನನಗೆ ಬಂತು.

ಕಪಿಲೆಯಲ್ಲಿ ಕೈಕಾಲು ತೊಳೆದು ಬಂದು ಕೂತಾಗ ಪುಟ್ಟ ನಗುತ್ತಲೇ ಇದ್ದ. ಮುಡಿ ತೆಗೆಯುವವರು ತಲೆಗೆ ನೀರು ಹಚ್ಚಿ ಬೆರಳಿನಿಂದ ಉಜ್ಜತೊಡಗಿದಾಗ ಮುಖ ಸ್ವಲ್ಪ ಚಿಕ್ಕದಾಯಿತು. ಅವರು ಎಡಗೈಯಿಂದ ನೆತ್ತಿಯನ್ನು ಬಿಗಿಯಾಗಿ ಹಿಡಿದದ್ದೇ ತಡ, ಅಳು ಶುರು. ಗಮನಿಸಿ, ಕತ್ತಿ ಇನ್ನೂ ತಲೆಗೆ ತಾಗಿರಲಿಲ್ಲ. ಒಂದು ವರ್ಷದ ಆಸುಪಾಸಿನ ಮಕ್ಕಳಿಗೆ ಪರಿಚಯವಿಲ್ಲದ ಮುಖ ಕಂಡರೆ ಭಯ ಜಾಸ್ತಿ. ಅಂಥವರೊಬ್ಬರು ತೀರ ಹತ್ತಿರ ಬಂದು ತಲೆಯನ್ನು ಅಲ್ಲಾಡದಂತೆ ಹಿಡಿದರೆ ಅಳದೆ ಇನ್ನೇನು ಮಾಡೀತು? ಕೂದಲು ಸ್ವತಃ ನಿರ್ಜೀವ. ಅದನ್ನು ಕತ್ತರಿಸಿದರೆ ನೋವಿಲ್ಲ. ಬುಡದಲ್ಲಿ ನರಗಳಿರುವುದರಿಂದ ಎಳೆದರೆ ಮಾತ್ರ ನೋಯುತ್ತದೆ. ಅದಕ್ಕೇ ಅನುಭವಸ್ಥರು ಕೂದಲನ್ನು ಚೆನ್ನಾಗಿ ನೆನೆಸದೆ ಕತ್ತಿ ಇಡುವುದಿಲ್ಲ. ಒಣಗಿದ ಕೂದಲಿನ ಮೇಲೆ ಕತ್ತಿ ಜಗ್ಗುತ್ತದೆ.

ಮೊದಲ ಎಳೆ ಬಿದ್ದದ್ದು ನನ್ನ ತಂಗಿಯ ಸೆರಗಿಗೆ. ಕೂದಲು ನೆಲಕ್ಕೆ ಬೀಳಬಾರದೆಂದು ಅವಳು ಸೆರಗು ಒಡ್ಡಿ ನಿಂತಿದ್ದಳು. ಅಮ್ಮ ಎದುರಲ್ಲೇ ಇದ್ದಾಳೆ, ಎತ್ತಿಕೊಳ್ಳುತ್ತಿಲ್ಲ. ಪುಟ್ಟನ ಪಾಲಿಗೆ ದೊಡ್ಡ ಅನ್ಯಾಯ ಅದೇ ಆಗಿತ್ತು. ಅಳು ಎರಡು ಪಟ್ಟಾಯಿತು. ಕಿವಿ ಮಡಚಿ ಅದರ ಹಿಂದೆ ತೆಗೆಯುವಾಗ ಕೂಗು ತಾರಕಕ್ಕೇರಿತು. ಆಮೇಲೆ ಬಿಕ್ಕು. ಹಿಡಿದ ಕೈ ಬಿಟ್ಟ ಮೇಲೆ ತನ್ನ ಅಂಗೈಯನ್ನು ತಲೆಯ ಮೇಲಿಟ್ಟು ಸವರಿದ. ಕಣ್ಣು ಅರಳಿತು. ಮತ್ತೆ ಸವರಿದ. ಬಿಕ್ಕು ಅಲ್ಲಿಗೆ ನಿಂತಿತು. ಅಜ್ಜಿ ಬಾಳೆಹಣ್ಣು ಸುಲಿದು ಕೈಗಿತ್ತರು.

ಆ ಹೊತ್ತಿನಲ್ಲಿ ಬಂಧುಗಳೊಬ್ಬರು ಮೊಬೈಲ್ ಹಿಡಿದು ‘ಪುಟ್ಟಾ, ಇಲ್ಲಿ ನೋಡು’ ಎಂದು ಕೂಗಿದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಹೆಸರು ಕೇಳಿದರೆ ಮಗು ಗಕ್ಕನೆ ತಿರುಗುತ್ತದೆ, ಕತ್ತಿ ತಲೆಯ ಮೇಲೇ ಇರುತ್ತದೆ. ನಮ್ಮ ಅದೃಷ್ಟಕ್ಕೆ ಮುಡಿ ತೆಗೆಯುವವರ ಕೈ ಅಷ್ಟರಲ್ಲಿ ಮೇಲೆದ್ದಿತ್ತು. ನೆತ್ತಿಯ ಚರ್ಮದಲ್ಲಿ ರಕ್ತನಾಳಗಳು ಹೆಚ್ಚು. ಸಣ್ಣ ಗೀರಿಗೂ ಗಾಬರಿಯಾಗುವಷ್ಟು ರಕ್ತ ಬರುತ್ತದೆ. ಶುಭ್ರ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಬೇಕು, ಗೀರಿದ ಜಾಗಕ್ಕೆ ಗಂಧ ಹಚ್ಚಬಾರದು. ಬ್ಲೇಡಿನ ಪೊಟ್ಟಣವನ್ನು ನಮ್ಮ ಕಣ್ಣೆದುರೇ ಬಿಚ್ಚಿಸುವುದು ಅದಕ್ಕಿಂತ ಮೊದಲಿನ ಮಾತು. ಫೋಟೊ ತೆಗೆಯುವವರು ಪಕ್ಕದಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ, ಬಾಯಿ ಮುಚ್ಚಿಕೊಂಡು ನಿಂತರೆ ಒಳ್ಳೆಯ ಚಿತ್ರವೇ ಸಿಗುತ್ತದೆ.

ಸಂಜೆ ಮನೆಗೆ ಬಂದು ಸಾಲು ಬರೆಯಲು ಕೂತೆವು. ಭಾವ ಮೊದಲು ಬರೆದದ್ದು ‘ಅಳುಬುರುಕನ ಬೋಳುತಲೆ’. ತಂಗಿಗೆ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ. ಅಳುವುದಕ್ಕೆ ಮಗುವಿಗೆ ಸರಿಯಾದ ಕಾರಣವಿತ್ತು. ಅದನ್ನು ಹಂಗಿಸಿದರೆ ನಗು ಬರುವುದಿಲ್ಲ. ಜೊತೆಗೆ ‘ಬೋಳು’ ಎಂಬ ಮಾತನ್ನು ಶುಭಕಾರ್ಯದಲ್ಲಿ ಹಿರಿಯರು ಇಷ್ಟಪಡುವುದಿಲ್ಲ, ಅವರಿಗೆ ಸಾವಿನ ಮನೆ ನೆನಪಾಗುತ್ತದೆ. ಗುಂಡ, ಗುಂಡು ಎಂದರೆ ಯಾರಿಗೂ ತಕರಾರಿಲ್ಲ. ಎರಡನೆಯ ಸಾಲು ‘ಇನ್ನು ಮೇಲೆ ದಟ್ಟ ಕೂದಲು ಗ್ಯಾರಂಟಿ’. ಇದು ನಿಜವಲ್ಲ. ಕೂದಲಿನ ಬೇರು ಚರ್ಮದ ಒಳಗಿದೆ, ಕತ್ತಿ ಅಲ್ಲಿಗೆ ತಲುಪುವುದೇ ಇಲ್ಲ. ಹೊಸದಾಗಿ ಮೂಡುವ ಕೂದಲಿನ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ, ಕಣ್ಣಿಗೆ ದಪ್ಪವಾಗಿ ತೋರುತ್ತದೆ, ಅಷ್ಟೇ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆ ಲೆಕ್ಕವನ್ನೇ ಹಿಡಿದು ತಂಗಿ ‘ಬಾಚಣಿಗೆಗೆ ಮೂರು ತಿಂಗಳು ರಜೆ’ ಎಂದು ಬರೆದಳು. ಗಂಧ ಹಚ್ಚಿಕೊಂಡು ನಗುತ್ತಿದ್ದ ಚಿತ್ರಕ್ಕೆ ಅದು ಚೆನ್ನಾಗಿ ಒಪ್ಪಿತು.

ಅಳುವ ಚಿತ್ರಕ್ಕೆ ಮಾತ್ರ ಮಗುವಿನ ಬಾಯಿಂದಲೇ ಮಾತಾಡಿಸುವುದು ಸರಿ ಎನಿಸಿತು. ಆಗ ಚೇಷ್ಟೆಯೆಲ್ಲ ದೊಡ್ಡವರ ಮೇಲೆ ತಿರುಗುತ್ತದೆ, ಮಗು ಗೆಲ್ಲುತ್ತದೆ. ‘ಮಾವ ಹಿಡ್ಕೊಂಡ, ಅಮ್ಮ ಸೆರಗು ಒಡ್ಡಿದ್ಲು, ಅಪ್ಪ ವಿಡಿಯೊ ಮಾಡ್ದ. ಇನ್ಮೇಲೆ ಯಾರನ್ನೂ ನಂಬಲ್ಲ’ ಎಂದು ಬರೆದೆವು. ಇದರಲ್ಲಿ ಕಟ್ಟಿದ ಮಾತು ಒಂದೂ ಇಲ್ಲ, ಎಲ್ಲ ನಡೆದದ್ದೇ. ಧಾರವಾಡದ ಕಡೆಯ ಗೆಳೆಯನೊಬ್ಬ ತನ್ನ ಮಗಳ ಜಾವಳದ ಚಿತ್ರಕ್ಕೆ ‘ಜಾವಳಾ ಆತು. ಮಾಮಾ ಬಂಗಾರದ ಉಂಗುರಾ ಕೊಡ್ತೀನಿ ಅಂದಿದ್ದಾ, ಎಲ್ಲೈತಿ?’ ಎಂದು ಹಾಕಿದ್ದ. ಆ ಮಾತಿನ ಧಾಟಿಯೇ ಊರು ಹೇಳುತ್ತದೆ. ಅಪ್ಪನೂ ಮಗನೂ ಒಟ್ಟಿಗೆ ಮುಡಿ ಕೊಟ್ಟಿದ್ದರೆ ಇನ್ನೂ ಸುಲಭ: ‘ಇಬ್ಬರಲ್ಲಿ ಜಾಸ್ತಿ ಅತ್ತವರು ಯಾರು, ಹೇಳಿ ನೋಡೋಣ.’

ಸಾಲು ಉದ್ದವಾದರೆ ಕೆಡುತ್ತದೆ. ಒಂದು ಉಸಿರಿಗೆ ಓದಿ ಮುಗಿಯಬೇಕು. ಮಗುವಿನ ಪೂರ್ತಿ ಹೆಸರು, ಹುಟ್ಟಿದ ತಾರೀಖು ಅದರಲ್ಲಿ ಬೇಡ, ಮೈಮೇಲೆ ಬಟ್ಟೆಯಿಲ್ಲದ ಸ್ನಾನದ ಚಿತ್ರವಂತೂ ಮನೆಯ ಆಲ್ಬಮ್ಮಿನಲ್ಲೇ ಇರಲಿ. ಯಾವ ದೇವರು, ಯಾವ ವರ್ಷ, ಯಾರ ತೊಡೆ ಎಂಬುದನ್ನು ಮುದ್ರಿಸಿದ ಫೋಟೊದ ಹಿಂದೆ ಬರೆದಿಡಬಹುದು.

ಬಿಕ್ಕು ನಿಂತು ತಲೆ ಸವರಿಕೊಳ್ಳುತ್ತಿದ್ದ ಚಿತ್ರ ಎಲ್ಲಕ್ಕಿಂತ ಚೆನ್ನಾಗಿ ಬಂದಿತ್ತು. ಅದಕ್ಕೆ ನಾನು ಬರೆದದ್ದು: ‘ಕೂದಲು ನಂಜುಂಡನಿಗೆ, ಕಣ್ಣೀರು ಮಾವನ ಷರ್ಟಿಗೆ, ಬಾಳೆಹಣ್ಣು ನನಗೆ.’ ಗುಂಪಿಗೆ ಹಾಕಿದ ಸ್ವಲ್ಪ ಹೊತ್ತಿಗೆ ಅಜ್ಜಿಯ ಧ್ವನಿ ಸಂದೇಶ ಬಂತು: ‘ಎಲ್ಲಾ ಸರಿ ಕಣಪ್ಪ, ಬಾಳೆಹಣ್ಣು ಕೊಟ್ಟಿದ್ದು ಯಾರು ಅಂತ ಹಾಕಲೇ ಇಲ್ವಲ್ಲ?’