ಹೋದದ್ದನ್ನು ಎತ್ತುವ ಆತುರ

ಇಸ್ಪೀಟ್ ಆಟದಲ್ಲಿ ಸೋತವನು ಸುಲಭವಾಗಿ ಮನೆಗೆ ಹೋಗುವುದಿಲ್ಲ. ‘ಹೋದದ್ದನ್ನು ಎತ್ತಿಯೇ ಏಳುತ್ತೇನೆ’ ಎಂದು ಕೂರುತ್ತಾನೆ. ಷೇರುಪೇಟೆಯಲ್ಲಿ ಇದೇ ಹಟಕ್ಕೆ ರಿವೆಂಜ್ ಟ್ರೇಡಿಂಗ್ ಎನ್ನುತ್ತಾರೆ.

ಒಂದು ದಿನವನ್ನು ಕಲ್ಪಿಸಿಕೊಳ್ಳೋಣ. ಖಾತೆಯಲ್ಲಿ 1 ಲಕ್ಷ ರೂಪಾಯಿ. ನಿಫ್ಟಿ ಆಪ್ಷನ್‌ನ ಒಂದು ಲಾಟ್‌ಗೆ 75 ಎಂದಿಟ್ಟುಕೊಳ್ಳಿ. 9.40ಕ್ಕೆ 120 ರೂಪಾಯಿಯಂತೆ ಒಂದು ಲಾಟ್ ಕಾಲ್ ಕೊಂಡು, 100ಕ್ಕೆ ಸ್ಟಾಪ್‌ಲಾಸ್ ಇಟ್ಟಿದ್ದಾನೆ. 10.05ಕ್ಕೆ ಸ್ಟಾಪ್ ಹೊಡೆಯಿತು. 1,500 ರೂಪಾಯಿ ಹೋಯಿತು. ಇಲ್ಲಿಯವರೆಗೆ ತಪ್ಪೇನೂ ಇಲ್ಲ. ಎಷ್ಟು ಕಳೆದುಕೊಳ್ಳಬಹುದೆಂದು ಮೊದಲೇ ಲೆಕ್ಕ ಹಾಕಿದ್ದನೋ ಅಷ್ಟೇ ಕಳೆದುಕೊಂಡ.

ಆದರೆ ಎರಡೇ ನಿಮಿಷದಲ್ಲಿ ಬೆಲೆ ಮತ್ತೆ 112ಕ್ಕೆ ಬಂತು. ‘ನನ್ನನ್ನು ಹೊರಗೆ ಹಾಕಲಿಕ್ಕೇ ಇಳಿಸಿದರು’ ಎಂಬ ಸಿಟ್ಟು. ಅದೇ ಕಾಲ್, ಈಗ ಎರಡು ಲಾಟ್. ಬೆಲೆ ಮತ್ತೆ ಬಿದ್ದು 100ಕ್ಕೆ ಮಾರಿದಾಗ ಇನ್ನೊಂದು 1,800 ಹೋಗಿ, ಒಟ್ಟು ನಷ್ಟ 3,300. ಮುಂದಿನದ್ದನ್ನು ಗಮನಿಸಿ. 10.20ಕ್ಕೆ ಅವನು ದಿಕ್ಕು ಬದಲಿಸಿ, 110ರಂತೆ ನಾಲ್ಕು ಲಾಟ್ ಪುಟ್ ಕೊಳ್ಳುತ್ತಾನೆ. ನಾಲ್ಕೇ ಏಕೆ? ನಾಲ್ಕು ಲಾಟ್ ಎಂದರೆ 300. 3,300ನ್ನು 300ರಿಂದ ಭಾಗಿಸಿದರೆ 11. ‘ಹನ್ನೊಂದು ರೂಪಾಯಿ ಏರಿದರೆ ಸಾಕು, ಎಲ್ಲ ವಾಪಸ್.’ ಎಷ್ಟು ಕೊಳ್ಳಬೇಕೆಂದು ಈಗ ಹೇಳುತ್ತಿರುವುದು ಚಾರ್ಟ್ ಅಲ್ಲ, ಆಗಲೇ ಆಗಿಹೋದ ನಷ್ಟ. ಮಾರುಕಟ್ಟೆಗೆ ಆ 3,300ರ ಗೊಡವೆಯೇ ಇಲ್ಲ. ಪುಟ್ 13 ರೂಪಾಯಿ ಇಳಿದು 3,900 ಹೋಯಿತು. ಮಧ್ಯಾಹ್ನ, ಅಂದೇ ಮುಗಿಯುವ 6 ರೂಪಾಯಿಯ ಆಪ್ಷನ್ ಇಪ್ಪತ್ತು ಲಾಟ್. ಸಂಜೆಗೆ ಅದು ಸೊನ್ನೆ, 9,000 ಮಾಯ.

ದಿನದ ನಷ್ಟ 16,200. ಅದರಲ್ಲಿ ಬೆಳಗಿನ ಯೋಜನೆಯ ಪಾಲು 1,500 ಮಾತ್ರ. ಅಡಿಕೆಗೆ ಹೋದದ್ದನ್ನು ತರಲು ಆನೆಯನ್ನೇ ಕೊಟ್ಟ ಲೆಕ್ಕ.

ಇದು ಹೊಸಬರ ರೋಗವಷ್ಟೇ ಎಂದುಕೊಳ್ಳಬೇಡಿ. ಷಿಕಾಗೊ ಬೋರ್ಡ್ ಆಫ್ ಟ್ರೇಡ್‌ನ ವೃತ್ತಿಪರ ವ್ಯಾಪಾರಿಗಳನ್ನು ಅಧ್ಯಯನ ಮಾಡಿದ ಜೋಶುವಾ ಕೋವಲ್ ಮತ್ತು ಟೈಲರ್ ಶಮ್ವೇ, ಬೆಳಿಗ್ಗೆ ಸೋತವರು ಮಧ್ಯಾಹ್ನ ಹೆಚ್ಚು ಅಪಾಯಕ್ಕೆ ಕೈಹಾಕುವುದನ್ನು 2005ರಲ್ಲಿ ತೋರಿಸಿದರು. ನಮ್ಮಲ್ಲಿ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ್ದ ಬಿಡಿ ಹೂಡಿಕೆದಾರರಲ್ಲಿ 93% ಮಂದಿಗೆ ನಷ್ಟವಾಗಿತ್ತು.

ಓವರ್‌ಟ್ರೇಡಿಂಗ್‌ನಲ್ಲಿ ಇಷ್ಟು ಸಿಟ್ಟಿರುವುದಿಲ್ಲ. ಬೇಸರದಿಂದಲೋ, ಬೆಳಿಗ್ಗೆ ಗೆದ್ದ ಉಮೇದಿನಿಂದಲೋ ಬೆರಳು ತಾನಾಗಿ ಕೊಳ್ಳುವ ಗುಂಡಿಗೆ ಹೋಗುತ್ತದೆ. ಒಂದು ಆರ್ಡರ್‌ಗೆ 20 ರೂಪಾಯಿ ಬ್ರೋಕರೇಜ್ ಎಂದರೆ, ಕೊಂಡು ಮಾರಲು 40. ಅದರ ಮೇಲೆ 18% ಜಿಎಸ್‌ಟಿ ಸೇರಿ 47.20. ದಿನಕ್ಕೆ ಹತ್ತು ಸಲ, ತಿಂಗಳಿಗೆ ಇಪ್ಪತ್ತು ದಿನ ಹೀಗಾದರೆ 9,440 ರೂಪಾಯಿ. ಗೆದ್ದರೂ ಸೋತರೂ ಕಟ್ಟಲೇಬೇಕಾದ ಬಾಡಿಗೆ ಇದು. ತೆರಿಗೆ ಮತ್ತಿತರ ಶುಲ್ಕ ಬೇರೆ.

ಸಿಟ್ಟು ಏರುತ್ತಿರುವಾಗ ಅದು ಸಿಟ್ಟೆಂದು ತಿಳಿಯುವುದು ಕಷ್ಟ. ಅದು ಆತ್ಮವಿಶ್ವಾಸದ ವೇಷದಲ್ಲೇ ಬರುತ್ತದೆ. ಹಾಗಾಗಿ ಮನಸ್ಸನ್ನು ಕೇಳುವುದಕ್ಕಿಂತ ಟ್ರೇಡ್‌ಬುಕ್ ನೋಡುವುದು ಮೇಲು. ಬ್ರೋಕರ್ ಆ್ಯಪ್‌ನಿಂದ ಮೂರು ತಿಂಗಳ ಟ್ರೇಡ್‌ಬುಕ್ ಇಳಿಸಿಕೊಂಡು, ನಷ್ಟದಲ್ಲಿ ಮುಗಿದ ಪ್ರತಿ ವಹಿವಾಟಿಗೆ ಗುರುತು ಹಾಕಿ. ಅದರ ನಂತರದ ಆರ್ಡರ್ ಎಷ್ಟು ನಿಮಿಷಕ್ಕೆ ಬಂತು? ಪ್ರಮಾಣ ಎಷ್ಟು ಪಟ್ಟಾಯಿತು? ನಮ್ಮ ಉದಾಹರಣೆಯಲ್ಲಿ ಒಂದು, ಎರಡು, ನಾಲ್ಕು, ಇಪ್ಪತ್ತು ಎಂಬ ಲಾಟ್‌ಗಳ ಸಾಲೇ ಎಲ್ಲವನ್ನೂ ಹೇಳುತ್ತದೆ. ಅಂಥ ಪ್ರತಿ ಜಾಗದಲ್ಲೂ ಅಂದು ಏನಾಗಿತ್ತೆಂದು ನೆನಪಿಸಿಕೊಂಡು ಒಂದು ಸಾಲು ಬರೆಯಿರಿ. ಸ್ಟಾಪ್ ಹೊಡೆದ ಮೇಲೆ ಬೆಲೆ ತಿರುಗಿತ್ತೆ? ಟೆಲಿಗ್ರಾಂ ಗುಂಪಿನಲ್ಲಿ ಯಾರಾದರೂ ಲಾಭದ ಸ್ಕ್ರೀನ್‌ಶಾಟ್ ಹಾಕಿದ್ದರೆ? ಕಳೆದದ್ದು ಮಗಳ ಫೀಸಿನ ಹಣವೇ? ಹೆಚ್ಚಿನವರಿಗೆ ಒಂದೆರಡು ಕಾರಣಗಳೇ ಮತ್ತೆ ಮತ್ತೆ ಸಿಗುತ್ತವೆ. ಕೆಲವರಿಗೆ ದೇಹವೂ ಸೂಚನೆ ಕೊಡುತ್ತದೆ: ಕಿವಿ ಬಿಸಿಯಾಗುವುದು, ಕುರ್ಚಿಯ ತುದಿಗೆ ಬಂದು ಕೂರುವುದು, ಊಟಕ್ಕೆ ಕರೆದ ಹೆಂಡತಿಯ ಮೇಲೆ ರೇಗುವುದು.

ಕಾರಣ ತಿಳಿದ ಮಾತ್ರಕ್ಕೆ ಕೈ ನಿಲ್ಲದು. ಲಾಟ್ ಎಷ್ಟೆಂಬುದನ್ನು ಮಾರುಕಟ್ಟೆ ತೆರೆಯುವ 9.15ಕ್ಕೆ ಮೊದಲೇ ಕಾಗದದ ಮೇಲೆ ಬರೆದಿಟ್ಟು, ದಿನವಿಡೀ ಅದನ್ನು ಏರಿಸದಿರುವುದು ಒಂದು ಕಟ್ಟು. ಬೆಂಗಳೂರಿನ ಜೆರೋಧಾದಂಥ ಬ್ರೋಕರ್‌ಗಳಲ್ಲಿ ಕಿಲ್ ಸ್ವಿಚ್ ಎಂಬ ಸೌಲಭ್ಯವಿದೆ. ಒಂದು ವಿಭಾಗವನ್ನು ನಾವೇ ಮುಚ್ಚಿದರೆ ಹನ್ನೆರಡು ಗಂಟೆ ತೆರೆಯಲಾಗದು. ಮೊದಲ ನಷ್ಟವಾದ 10.05ಕ್ಕೇ ಅದನ್ನು ಒತ್ತಿದ್ದರೆ ನಮ್ಮವನ 14,700 ರೂಪಾಯಿ ಉಳಿಯುತ್ತಿತ್ತು, ಇನ್ನೊಂದು ಬ್ರೋಕರ್ ಬಳಿಯೂ ಅವನದೊಂದು ಖಾತೆ ಇಲ್ಲದಿದ್ದರೆ.