ಬಾರಾಮತಿಯ ಕಬ್ಬಿನ ಗದ್ದೆ ಮತ್ತು ಗಣಕದ ಅಂದಾಜು

ಪುಣೆ ಜಿಲ್ಲೆಯ ಬಾರಾಮತಿ ತಾಲ್ಲೂಕು ಮಳೆಯ ನೆರಳಿನ ಪ್ರದೇಶದಲ್ಲಿದೆ. ಇಲ್ಲಿಯ ಕಬ್ಬಿನ ಬೇಸಾಯವು ಬಹುಮಟ್ಟಿಗೆ ನೀರಾ ನದಿಯ ಎಡದಂಡೆ ಕಾಲುವೆಯನ್ನೂ ಬಾವಿಗಳನ್ನೂ ಅವಲಂಬಿಸಿದೆ. ಇಲ್ಲಿನ ಅಗ್ರಿಕಲ್ಚರಲ್ ಡೆವಲಪ್‌ಮೆಂಟ್ ಟ್ರಸ್ಟ್ ಸಂಸ್ಥೆಯು ಮೈಕ್ರೋಸಾಫ್ಟ್ ಕಂಪನಿ ಹಾಗೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಗಳ ಸಹಯೋಗದೊಡನೆ 2024ರಲ್ಲಿ ಸುಮಾರು ಒಂದು ಸಾವಿರ ರೈತರ ಕಬ್ಬಿನ ಗದ್ದೆಗಳಲ್ಲಿ ಗಣಕಾಧಾರಿತ ಸಲಹಾ ಕಾರ್ಯವನ್ನು ಕೈಗೊಂಡಿತು. ಮಣ್ಣಿನ ತೇವವನ್ನು ಅಳೆಯುವ ಸಂವೇದಕಗಳು, ಹವಾಮಾನ ಕೇಂದ್ರಗಳು ಮತ್ತು ಉಪಗ್ರಹ ಚಿತ್ರಗಳಿಂದ ದೊರೆತ ದತ್ತಾಂಶವನ್ನು ಗಣಕವು ಪರಿಶೀಲಿಸುತ್ತದೆ. ನೀರು ಯಾವಾಗ ಬೇಕು, ಬೆಳೆಯ ಸ್ಥಿತಿ ಹೇಗಿದೆ ಎಂಬ ಸೂಚನೆ ರೈತನ ಮೊಬೈಲ್ ದೂರವಾಣಿಗೆ ತಲುಪುತ್ತದೆ.

ಇಂತಹ ಸೂಚನೆಯ ಹಿಂದೆ ಇರುವುದು ಒಂದು ಮಾದರಿ. ಹಿಂದಿನ ಹಂಗಾಮುಗಳ ದತ್ತಾಂಶದಿಂದ ಅದು ಪಾಠ ಕಲಿತಿರುತ್ತದೆ; ಕಲಿತ ಪಾಠವನ್ನೇ ಮುಂದಿನ ಹಂಗಾಮಿಗೆ ಅನ್ವಯಿಸುತ್ತದೆ. ಆದರೆ ಹೊಲವು ಹಾಗೆಯೇ ಉಳಿಯುವುದಿಲ್ಲ. ಮಾದರಿ ತಪ್ಪುತ್ತಿದೆ ಎಂದು ಗಣಕವು ತಾನಾಗಿ ಹೇಳುವುದೂ ಇಲ್ಲ; ಅದು ಎಂದಿನಂತೆ ಅಂಕಿಯನ್ನು ಕೊಡುತ್ತಲೇ ಇರುತ್ತದೆ. ಆ ಅಂಕಿಯನ್ನು ನಂಬಿ ನೀರು ನಿಲ್ಲಿಸಿದ ರೈತನು ಫಲವನ್ನು ಕಾಣುವುದು ಕಟಾವಿನ ವೇಳೆಗೆ. ಜುಲೈ–ಆಗಸ್ಟ್‌ನಲ್ಲಿ ನಾಟಿಯಾಗುವ ‘ಆಡಸಾಲಿ’ ಕಬ್ಬಿಗೆ ಇದು ಹದಿನೈದರಿಂದ ಹದಿನೆಂಟು ತಿಂಗಳ ಮಾತು. ಆದುದರಿಂದ ಮಾದರಿಯ ಮೇಲೆ ಕಾವಲು ಅಗತ್ಯ.

ಬದಲಾವಣೆಗಳು ಎರಡು ಬಗೆಯವು. ಮಾದರಿಗೆ ಬರುವ ದತ್ತಾಂಶವೇ, ಅಂದರೆ ತೇವ, ಉಷ್ಣತೆ, ಮಳೆ ಮುಂತಾದವುಗಳ ಹರವೇ ಬದಲಾದರೆ ಅದನ್ನು ‘ಡೇಟಾ ಡ್ರಿಫ್ಟ್’ ಅಥವಾ ದತ್ತಾಂಶ ಪಲ್ಲಟ ಎನ್ನಬಹುದು. ದತ್ತಾಂಶವು ಮೊದಲಿನಂತೆಯೇ ಇದ್ದು, ಅದಕ್ಕೂ ಇಳುವರಿಗೂ ಇರುವ ಸಂಬಂಧ ಬದಲಾದರೆ ಅದು ‘ಕಾನ್ಸೆಪ್ಟ್ ಡ್ರಿಫ್ಟ್’ ಅಥವಾ ಸಂಬಂಧ ಪಲ್ಲಟ. ಮೊದಲನೆಯದನ್ನು ವಾರಗಳಲ್ಲಿ ಗುರುತಿಸಬಹುದು. ಎರಡನೆಯದಕ್ಕೆ ಕಟಾವಿನ ತೂಕದ ಚೀಟಿ ಬೇಕು.

ದತ್ತಾಂಶ ಪಲ್ಲಟವನ್ನು ಪತ್ತೆಹಚ್ಚಲು ಕೊಲ್ಮೊಗೊರೊವ್–ಸ್ಮಿರ್ನೊವ್ ಪರೀಕ್ಷೆ ಸುಲಭವಾದುದು. ವಿವರಣೆಗಾಗಿ ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಮಾದರಿ ಕಲಿತ ವರ್ಷದ ಆಗಸ್ಟ್ ತಿಂಗಳಿನಲ್ಲಿ 100 ಗದ್ದೆಗಳ ಸರಾಸರಿ ತೇವವನ್ನು ಪಟ್ಟಿ ಮಾಡಲಾಗಿದೆ. ಈ ವರ್ಷದ ಆಗಸ್ಟ್‌ನಲ್ಲಿ ಬೇರೆ 100 ಗದ್ದೆಗಳ ಪಟ್ಟಿ ದೊರೆತಿದೆ. ಎರಡನ್ನೂ ಕಡಿಮೆಯಿಂದ ಹೆಚ್ಚಿಗೆ ಜೋಡಿಸಿ, ಪ್ರತಿ ತೇವಮಟ್ಟದಲ್ಲಿಯೂ ಅದಕ್ಕೆ ಸಮನಾದ ಅಥವಾ ಕಡಿಮೆ ತೇವವಿರುವ ಗದ್ದೆಗಳು ಎಷ್ಟು ಎಂದು ಎಣಿಸಬೇಕು. ಶೇಕಡ 30ರ ತೇವದಲ್ಲಿ ಹಿಂದೆ 58 ಗದ್ದೆಗಳಿದ್ದು ಈಗ 31 ಮಾತ್ರ ಇದ್ದರೆ ಅಂತರ 0.27. ಎಲ್ಲ ಮಟ್ಟಗಳಲ್ಲಿ ಇದೇ ಅತಿ ದೊಡ್ಡ ಅಂತರವಾಗಿದ್ದರೆ ಅದನ್ನೇ D ಎನ್ನುತ್ತಾರೆ. ಹೋಲಿಸಬೇಕಾದ ಮಿತಿಯ ಸೂತ್ರ ಹೀಗಿದೆ. ಇಲ್ಲಿ n ಮತ್ತು m ಎಂಬುವು ಎರಡು ಪಟ್ಟಿಗಳ ಗದ್ದೆಗಳ ಸಂಖ್ಯೆ:

1.36 × √((n + m) ÷ (n × m))

ಎರಡೂ ಪಟ್ಟಿಗಳಲ್ಲಿ 100 ಗದ್ದೆಗಳಿರುವುದರಿಂದ ಮಿತಿ ಸುಮಾರು 0.19. ನಿಜವಾಗಿ ಬದಲಾವಣೆಯೇ ಇಲ್ಲದಿದ್ದಾಗ ಅಂತರವು ಈ ಮಿತಿಯನ್ನು ಮೀರುವ ಸಂಭವ ನೂರಕ್ಕೆ ಐದು. 0.27 ಅದನ್ನು ಮೀರಿರುವುದರಿಂದ ತೇವದ ಹರವು ಬದಲಾಗಿದೆ ಎಂದು ತಿಳಿಯಬೇಕು.

ಇಲ್ಲಿ ಎರಡು ಎಚ್ಚರಿಕೆಗಳು. ಆಗಸ್ಟನ್ನು ಆಗಸ್ಟಿನೊಡನೆಯೇ ಹೋಲಿಸಬೇಕು. ಮೇ ತಿಂಗಳಿನೊಡನೆ ಹೋಲಿಸಿದರೆ ಕಾಣುವುದು ಋತುಭೇದವೇ ಹೊರತು ಪಲ್ಲಟವಲ್ಲ. ಇನ್ನೊಂದು, ಒಂದೇ ಸಂವೇದಕವು ಗಂಟೆಗಂಟೆಗೂ ಕಳುಹಿಸುವ ಅಂಕಿಗಳನ್ನು ಬೇರೆ ಬೇರೆ ಸಾಕ್ಷಿಗಳೆಂದು ಎಣಿಸಬಾರದು. ಒಬ್ಬನೇ ಸಾಕ್ಷಿ ಸಾವಿರ ಬಾರಿ ನುಡಿದರೂ ಸಾಕ್ಷಿ ಒಂದೇ. ಆದುದರಿಂದಲೇ ಒಂದು ಗದ್ದೆಗೆ ಒಂದು ಸರಾಸರಿ.

ಪರೀಕ್ಷೆಯು ಬದಲಾವಣೆಯಿದೆ ಎಂದಷ್ಟೇ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಅದನ್ನು ಹುಡುಕಲು ಗದ್ದೆಗೇ ಹೋಗಬೇಕು. ಮಳೆ ಹೆಚ್ಚಾಗಿದ್ದರೆ ಮಳೆಮಾಪಕವೇ ತಿಳಿಸುತ್ತದೆ. ಸಂವೇದಕದಲ್ಲಿಯೇ ದೋಷವಿರುವುದೂ ಉಂಟು: ಬೇಸಿಗೆಯಲ್ಲಿ ಕಪ್ಪುಮಣ್ಣು ಬಿರುಕುಬಿಟ್ಟು ಸಂವೇದಕದ ಸುತ್ತ ಗಾಳಿ ಸೇರಿದರೆ ತೇವವು ಇರುವುದಕ್ಕಿಂತ ಕಡಿಮೆಯಾಗಿ ಕಾಣುತ್ತದೆ, ಕಾಲುವೆಯ ನೀರು ನಿಂತು ಮಣ್ಣಿನಲ್ಲಿ ಲವಣ ಸೇರಿದರೆ ಅನೇಕ ವಿದ್ಯುತ್ ಸಂವೇದಕಗಳು ಹೆಚ್ಚು ತೋರಿಸುತ್ತವೆ. ಇದನ್ನು ತಿಳಿಯಲು ಹಳೆಯ ವಿಧಾನವೇ ನಂಬಲರ್ಹ. ಸಂವೇದಕದ ಪಕ್ಕದ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ದಿನ ಒಣಗಿಸಿ, ಮತ್ತೆ ತೂಗಬೇಕು. ಹೀಗೆ ದೊರೆಯುವುದು ತೂಕದ ಲೆಕ್ಕದ ತೇವ. ಸಂವೇದಕವು ಹೇಳುವುದು ಸಾಮಾನ್ಯವಾಗಿ ಗಾತ್ರದ ಲೆಕ್ಕ. ಮಣ್ಣಿನ ಸಾಂದ್ರತೆ 1.3 ಇದ್ದಲ್ಲಿ ತೂಕದ ಶೇಕಡ 20 ಎಂದರೆ ಗಾತ್ರದ ಶೇಕಡ 26 ಎಂಬುದನ್ನು ಮರೆತು ಒಳ್ಳೆಯ ಸಂವೇದಕವನ್ನು ಕಿತ್ತೆಸೆಯಬಾರದು.

ಮೂರನೆಯ ಕಾರಣವೊಂದಿದೆ, ಅದು ಎಲ್ಲಕ್ಕಿಂತ ಕುತೂಹಲಕರ. ರೈತರು ಸಲಹೆಯಂತೆ ನೀರು ಹಾಯಿಸಿದರೆ ಗದ್ದೆಯ ತೇವವು ಆ ಸಲಹೆಯಿಂದಲೇ ಬದಲಾಗುತ್ತದೆ! ಮಾದರಿಯು ಕಲಿತದ್ದು ಸಲಹೆಯಿಲ್ಲದ ಕಾಲದ ಹೊಲದಿಂದ. ಈಗ ನೋಡುತ್ತಿರುವುದು ತಾನೇ ತಿದ್ದಿದ ಹೊಲವನ್ನು. ಸಲಹೆ ಪಡೆಯದ ಕೆಲವು ನೆರೆಗದ್ದೆಗಳಲ್ಲಿಯೂ ತೇವವನ್ನು ಅಳೆಯುತ್ತಿದ್ದರೆ ಇದು ಬೇರ್ಪಡುತ್ತದೆ. ಅಲ್ಲಿಯೂ ಅದೇ ಬದಲಾವಣೆ ಕಂಡರೆ ಕಾರಣ ಮಳೆ ಅಥವಾ ಕಾಲುವೆ. ಅಲ್ಲಿ ಕಾಣದಿದ್ದರೆ ಹೆಚ್ಚಾಗಿ ಸಲಹೆಯೇ ಕಾರಣ. ಇಂತಹ ಪಲ್ಲಟವು ದೋಷವಲ್ಲ, ಯೋಜನೆಯ ಉದ್ದೇಶವೇ ಅದು. ಆದರೂ ಆ ಹೊಸ ತೇವಮಟ್ಟದಲ್ಲಿ ಮಾದರಿಗೆ ಅನುಭವ ಕಡಿಮೆ ಎಂಬುದು ಗಮನದಲ್ಲಿರಬೇಕು.

ಇನ್ನು ಸಂಬಂಧ ಪಲ್ಲಟ. ಮಾದರಿಯು ನಾಟಿ ಕಬ್ಬಿನಿಂದಲೇ ಪಾಠ ಕಲಿತಿದೆ ಎಂದು ಭಾವಿಸೋಣ. ಕಟಾವಾದ ಮೇಲೆ ಅದೇ ಬುಡದಿಂದ ಕೂಳೆ ಬೆಳೆ ಬರುತ್ತದೆ. ತೇವ ಅದೇ, ಬಿಸಿಲು ಅದೇ. ಆದರೆ ಕೂಳೆಯ ಇಳುವರಿ ಸಾಮಾನ್ಯವಾಗಿ ಕಡಿಮೆ. ತೇವದ ಪಟ್ಟಿಗಳನ್ನು ಎಷ್ಟು ಹೋಲಿಸಿದರೂ ಇದು ಕಾಣುವುದಿಲ್ಲ.

ಇದಕ್ಕೆ ಚಿಹ್ನಾ ಪರೀಕ್ಷೆ ಸಾಕು. ಬೇರೆ ಬೇರೆ ಊರುಗಳ 20 ಗದ್ದೆಗಳನ್ನು ಆರಿಸಿ, ಕಾರ್ಖಾನೆಯ ತೂಕವು ಅಂದಾಜಿಗಿಂತ ಹೆಚ್ಚಿದ್ದರೆ ಕೂಡು ಚಿಹ್ನೆ, ಕಡಿಮೆಯಿದ್ದರೆ ಕಳೆ ಚಿಹ್ನೆ ಬರೆಯಬೇಕು. ಮಾದರಿ ಸರಿಯಾಗಿದ್ದರೆ ಚಿಹ್ನೆಗಳು ನಾಣ್ಯ ಚಿಮ್ಮಿದಂತೆ ಹೆಚ್ಚುಕಡಿಮೆ ಸಮವಾಗಿ ಬೀಳುತ್ತವೆ. 16 ಗದ್ದೆಗಳಲ್ಲಿ ಕಳೆ ಬಂದಿತೆನ್ನೋಣ. 20 ಬಾರಿ ನಾಣ್ಯ ಚಿಮ್ಮಿದಾಗ ಒಂದೇ ಮುಖವು, ಅದು ಯಾವುದೇ ಇರಲಿ, 16 ಅಥವಾ ಹೆಚ್ಚು ಬಾರಿ ಬೀಳುವ ಸಂಭವ ಸಾವಿರಕ್ಕೆ ಸುಮಾರು 12. ಇದನ್ನು ಆಕಸ್ಮಿಕವೆಂದು ತಳ್ಳಿಹಾಕಲಾಗದು. ಒಂದೇ ಕಾಲುವೆಯ ಅಕ್ಕಪಕ್ಕದ ಗದ್ದೆಗಳನ್ನು ಆರಿಸಿದ್ದರೆ ಮಾತ್ರ ಈ ಲೆಕ್ಕ ನಿಲ್ಲದು, ಏಕೆಂದರೆ ಅವು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ.

ಆ 16 ಗದ್ದೆಗಳಲ್ಲಿ ಬಹುಪಾಲು ಕೂಳೆಯಾಗಿದ್ದು, ನಾಟಿ ಗದ್ದೆಗಳ ಚಿಹ್ನೆಗಳು ಸಮವಾಗಿದ್ದರೆ ಪರಿಹಾರ ಸರಳ: ಬೆಳೆ ನಾಟಿಯೋ ಕೂಳೆಯೋ ಎಂಬುದನ್ನೂ ದತ್ತಾಂಶದಲ್ಲಿ ಸೇರಿಸಿ ಮಾದರಿಗೆ ಹೊಸದಾಗಿ ಕಲಿಸಬೇಕು. ಎರಡು ಬಗೆಯ ಗದ್ದೆಗಳಲ್ಲಿಯೂ ಕಳೆಯೇ ಹೆಚ್ಚಾಗಿದ್ದರೆ ಗೊಣ್ಣೆಹುಳು, ಹೊಸ ತಳಿ ಅಥವಾ ಮಣ್ಣಿನ ಲವಣದ ಕಡೆಗೆ ಶೋಧನೆಯನ್ನು ತಿರುಗಿಸಬೇಕಾಗುತ್ತದೆ. ಬಾರಾಮತಿಯಲ್ಲಿ ಕಲಿತ ಮಾದರಿಯನ್ನು ಮುಧೋಳ ಅಥವಾ ಅಥಣಿಯ ಗದ್ದೆಗಳಿಗೆ ತರುವುದಾದರೆ ತೇವದ ಪರೀಕ್ಷೆಯನ್ನು ಮೊದಲ ಸಲಹೆ ಕಳುಹಿಸುವ ಮುನ್ನವೇ ಮಾಡಬಹುದು. ಚಿಹ್ನೆಗಳ ಪರೀಕ್ಷೆಗೆ ಅಲ್ಲಿಯೂ ಒಂದು ಕಟಾವನ್ನು ಕಾಯಬೇಕು.