42 ದಿನವನ್ನು ‘ಒಂದೂವರೆ ತಿಂಗಳು’ ಎನ್ನಬಹುದೇ?

ನರ್ಸಿಂಗ್ ಅಥವಾ ಸಮಾಜಕಾರ್ಯ ಓದುವ ವಿದ್ಯಾರ್ಥಿನಿಯೊಬ್ಬಳು ತಾಯಿ ಮರಣದ ಬಗ್ಗೆ ಪ್ರಬಂಧ ಬರೆಯುತ್ತಿದ್ದಾಳೆ ಎಂದುಕೊಳ್ಳಿ. ಕೃತಿಚೌರ್ಯ ಪತ್ತೆಹಚ್ಚುವ ತಂತ್ರಾಂಶಕ್ಕೆ ಕರಡು ಹಾಕಿದಾಗ ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯಿರುವ ವಾಕ್ಯದ ಮೇಲೆ ಬಣ್ಣ ಬೀಳುತ್ತದೆ. ಗಾಬರಿಯಾಗಿ ಆಕೆ ಆ ವಾಕ್ಯದ ಪದಗಳನ್ನು ಒಂದೊಂದಾಗಿ ಬದಲಿಸುತ್ತಾಳೆ. ಬಣ್ಣ ಮಾಯವಾಗುತ್ತದೆ. ಅದರ ಜೊತೆಗೆ ಅರ್ಥವೂ ಕೆಟ್ಟಿರುತ್ತದೆ.

ಆ ವ್ಯಾಖ್ಯೆಯ ಸಾರ ಇಷ್ಟು: ಗರ್ಭಿಣಿಯಾಗಿದ್ದಾಗ ಅಥವಾ ಗರ್ಭ ಕೊನೆಗೊಂಡ 42 ದಿನಗಳೊಳಗೆ, ಗರ್ಭಕ್ಕೆ ಎಷ್ಟು ತಿಂಗಳಾಗಿದ್ದರೂ, ಅದು ದೇಹದಲ್ಲಿ ಎಲ್ಲೇ ನಿಂತಿದ್ದರೂ, ಗರ್ಭಧಾರಣೆಗೆ ಅಥವಾ ಅದಕ್ಕೆ ನೀಡಿದ ಚಿಕಿತ್ಸೆಗೆ ಸಂಬಂಧಿಸಿದ ಇಲ್ಲವೇ ಅವುಗಳಿಂದ ಉಲ್ಬಣಿಸಿದ ಕಾರಣದಿಂದ ಆದ ಮಹಿಳೆಯ ಸಾವು, ಅಪಘಾತ ಅಥವಾ ಕಾಕತಾಳೀಯ ಕಾರಣದ ಸಾವು ಇದರಲ್ಲಿ ಸೇರದು.

ಈಗ ವಿದ್ಯಾರ್ಥಿನಿಯ ತಿದ್ದುಪಡಿಗಳನ್ನು ನೋಡೋಣ. ‘ಗರ್ಭ ಕೊನೆಗೊಂಡ’ ಎಂಬುದನ್ನು ಆಕೆ ‘ಹೆರಿಗೆಯಾದ’ ಎಂದು ಮಾಡಿದಳು. ಓದಲು ಸರಾಗ. ಆದರೆ ಮೂರನೇ ತಿಂಗಳಲ್ಲಿ ಗರ್ಭಪಾತವಾಗಿ, ಎರಡು ವಾರಗಳ ನಂತರ ಅದರ ಸೋಂಕಿನಿಂದ ತೀರಿಕೊಂಡ ಹೆಣ್ಣುಮಗಳಿಗೆ ಹೆರಿಗೆಯೇ ಆಗಿರಲಿಲ್ಲ. ಹೊಸ ವಾಕ್ಯದ ಪ್ರಕಾರ ಅವಳ ಸಾವು ಲೆಕ್ಕಕ್ಕಿಲ್ಲ. ‘42 ದಿನ’ವನ್ನು ‘ಒಂದೂವರೆ ತಿಂಗಳು’ ಎಂದಳು. 44ನೇ ದಿನದ ಸಾವು ಒಳಗೆ ಬಂತು. 42 ದಿನ ದಾಟಿ ವರ್ಷದೊಳಗೆ ಆಗುವ ಇಂಥ ಸಾವುಗಳಿಗೆ ‘ತಡವಾದ ತಾಯಿ ಮರಣ’ ಎಂಬ ಪ್ರತ್ಯೇಕ ವರ್ಗವೇ ಇದೆ.

‘ಸಂಬಂಧಿಸಿದ ಇಲ್ಲವೇ ಉಲ್ಬಣಿಸಿದ ಕಾರಣ’ವನ್ನು ‘ಗರ್ಭಧಾರಣೆಯಿಂದ ಉಂಟಾದ ಕಾರಣ’ ಎಂದು ಚುಟುಕಾಗಿಸಿದಳು. ಮೊದಲೇ ಹೃದಯದ ಕವಾಟದ ತೊಂದರೆಯಿದ್ದು, ಗರ್ಭದ ಹೊರೆಯಿಂದ ಅದು ವಿಷಮಿಸಿ ತೀರಿಕೊಂಡವಳು ಹೊರಗುಳಿದಳು. ಕೊನೆಗೆ, ಉದ್ದವಾಯಿತೆಂದು ಅಪಘಾತದ ಮಾತನ್ನು ಬಿಟ್ಟು ‘ಯಾವುದೇ ಕಾರಣದ ಸಾವು’ ಎಂದು ಬರೆದಿದ್ದರೆ ಅದು ಬೇರೆಯದೇ ಅಳತೆಯಾಗುತ್ತಿತ್ತು. ರಸ್ತೆ ಅಪಘಾತದಲ್ಲಿ ಸತ್ತ ಗರ್ಭಿಣಿಯೂ ಅದರಲ್ಲಿ ಸೇರುತ್ತಾಳೆ.

ಇದು ಬರೀ ಭಾಷೆಯ ತಕರಾರಲ್ಲ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಿ ಮರಣ ಎಂಬುದೇ ಇಲ್ಲಿನ ಲೆಕ್ಕ. 20,000 ಜೀವಂತ ಜನನಗಳಿರುವ ಒಂದು ಪ್ರದೇಶದಲ್ಲಿ 19 ತಾಯಂದಿರು ತೀರಿಕೊಂಡಿದ್ದರೆ ಅನುಪಾತ 95. ಮೇಲೆ ಹೇಳಿದ ಗರ್ಭಪಾತದ ಸಾವು, ಹೃದ್ರೋಗದ ಸಾವು ಎರಡನ್ನೂ ಬಿಟ್ಟರೆ ಅದು 85ಕ್ಕೆ ಇಳಿಯುತ್ತದೆ. ಯಾವ ತಾಯಿಯ ಜೀವವೂ ಉಳಿಯದೆ ಅಂಕಿ ಮಾತ್ರ ಸುಧಾರಿಸಿತು.

ಹಾಗಾದರೆ ಯಾವ ವಾಕ್ಯವನ್ನು ತಿದ್ದಬಹುದು, ಯಾವುದನ್ನು ಮುಟ್ಟಬಾರದು? ವ್ಯಾಖ್ಯೆಯ ಪ್ರತಿ ತುಣುಕಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಬೇಕು: ಇದನ್ನು ಬದಲಿಸಿದರೆ ಒಳಗಿದ್ದ ಯಾವುದಾದರೂ ಪ್ರಕರಣ ಹೊರಗೆ ಹೋಗುತ್ತದೆಯೇ, ಹೊರಗಿದ್ದದ್ದು ಒಳಗೆ ಬರುತ್ತದೆಯೇ? ಹೌದಾದರೆ ಆ ತುಣುಕನ್ನು ಇದ್ದಂತೆಯೇ ಉಳಿಸಿ, ಉದ್ಧರಣ ಚಿಹ್ನೆ ಹಾಕಿ, ಮೂಲವನ್ನು ಹೆಸರಿಸಬೇಕು. ತಾಯಿ ಮರಣದ ವ್ಯಾಖ್ಯೆಯಲ್ಲಿ ಹೆಚ್ಚುಕಡಿಮೆ ಪ್ರತಿ ತುಣುಕೂ ಹೀಗೆ ಭಾರ ಹೊತ್ತಿರುವುದರಿಂದ ಇಡೀ ವಾಕ್ಯವನ್ನೇ ಉದ್ಧರಿಸುವುದು ಜಾಣತನ. ಬೇರೆಡೆ ಎರಡು ಮೂರು ಪದಗಳಷ್ಟೇ ನಿರ್ಣಾಯಕವಾಗಿದ್ದರೆ ಅವನ್ನು ಮಾತ್ರ ಉದ್ಧರಿಸಿ ಉಳಿದದ್ದನ್ನು ಸ್ವಂತ ಮಾತಿನಲ್ಲಿ ಹೇಳಬಹುದು.

ಉದ್ಧರಿಸಿದರೆ ಹೋಲಿಕೆಯ ಶೇಕಡಾವಾರು ಏರುತ್ತದೆ ಎಂಬ ಭಯಕ್ಕೆ ಆಧಾರ ಕಡಿಮೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2018ರ ನಿಯಮಗಳು ಮೂಲ ಹೇಳಿ ಉದ್ಧರಿಸಿದ ಭಾಗವನ್ನು ಹೋಲಿಕೆಯ ಲೆಕ್ಕದಿಂದ ಹೊರಗಿಟ್ಟಿವೆ. ತಂತ್ರಾಂಶದಲ್ಲೂ ಉದ್ಧರಣೆಗಳನ್ನು ಬಿಟ್ಟು ಎಣಿಸುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಆದರೆ ಚಿಹ್ನೆ ಹಾಕದಿದ್ದರೆ ಅದು ಉದ್ಧರಣೆ ಎಂದು ಯಂತ್ರಕ್ಕೂ ತಿಳಿಯದು, ಪರೀಕ್ಷಕರಿಗೂ ತಿಳಿಯದು. ಮೂಲ ಹೇಳಿ ಚಿಹ್ನೆ ಬಿಡುವುದೂ ದೋಷವೇ, ಏಕೆಂದರೆ ಪದಗಳು ಬರೆದವರದೇ ಎಂಬ ಭಾವನೆ ಅದರಿಂದ ಬರುತ್ತದೆ.

ಉದ್ಧರಣೆಗೂ ಮಿತಿಯಿದೆ. ವ್ಯಾಖ್ಯೆಯ ಹಿಂದುಮುಂದಿನ ವಿವರಣೆಯನ್ನೆಲ್ಲ ಚಿಹ್ನೆಗಳ ನಡುವೆ ತುರುಕುವಂತಿಲ್ಲ. ಗಡಿಯನ್ನು 42 ದಿನಕ್ಕೆ ಏಕೆ ಹಾಕಿದ್ದಾರೆ, ಅದು ಹೆರಿಗೆಯ ನಂತರ ದೇಹ ಚೇತರಿಸಿಕೊಳ್ಳುವ ಆರು ವಾರಗಳ ಅವಧಿಗೆ ಹೇಗೆ ಹೊಂದುತ್ತದೆ, ತನ್ನ ಅಧ್ಯಯನದ ಯಾವ ಪ್ರಕರಣ ಒಳಗೆ, ಯಾವುದು ಹೊರಗೆ ಎಂಬುದನ್ನು ವಿದ್ಯಾರ್ಥಿನಿ ಮುಂದಿನ ಪ್ಯಾರಾದಲ್ಲಿ ತನ್ನ ಮಾತಿನಲ್ಲೇ ಬರೆಯಬೇಕು. ವ್ಯಾಖ್ಯೆ ಅವಳಿಗೆ ಅರ್ಥವಾಗಿದೆಯೇ ಎಂದು ಪರೀಕ್ಷಕರು ಅಳೆಯುವುದು ಆ ಪ್ಯಾರಾದಿಂದ.